ಡ್ಯಾಶ್‌ಬೋರ್ಡ್‌ನಲ್ಲಿ 2,318 ಗ್ರಾಹಕರು, ಫೈನಾನ್ಸ್ ವರದಿಯಲ್ಲಿ 1,874: ವ್ಯತ್ಯಾಸ ಹುಡುಕಿ ಮ್ಯಾನೇಜರ್‌ಗೆ ಬರೆದ ಇಮೇಲ್

ಶುಕ್ರವಾರ ಸಂಜೆ ನಮ್ಮ ಮ್ಯಾನೇಜರ್ ಸಾಹೇಬರಿಂದ ಎರಡು ಫೋಟೊ ಬಂದವು. ಒಂದರಲ್ಲಿ ನಾನೇ ಮಾಡಿದ ಡ್ಯಾಶ್‌ಬೋರ್ಡ್: ಜುಲೈ ಗ್ರಾಹಕರು 2,318. ಇನ್ನೊಂದರಲ್ಲಿ ಅಕೌಂಟ್ಸ್‌ನವರು ಕೊಟ್ಟ ಫೈನಾನ್ಸ್ ವರದಿ: ಜುಲೈ ಗ್ರಾಹಕರು 1,874. ಕೆಳಗೆ ಒಂದೇ ಸಾಲು: "ಯಾವುದು ಸರಿ? ಸೋಮವಾರ ಮಾಲೀಕರ ಮುಂದೆ ಇಡಬೇಕು."

ನಮ್ಮದು ರಾಯಚೂರಿನಲ್ಲಿ ಹೆಡ್ ಆಫೀಸು. ಪಂಪ್‌ಸೆಟ್ ಬಿಡಿಭಾಗ, ಪೈಪು, ಸ್ಪ್ರೇಯರ್ ಮಾರುವ ವ್ಯಾಪಾರ. ಸಿಂಧನೂರು, ಮಾನ್ವಿ, ಮಸ್ಕಿ, ಗಂಗಾವತಿಯಲ್ಲಿ ಕೌಂಟರ್‌ಗಳಿವೆ, ರಾಯಚೂರಿನದು ಸೇರಿ ಐದು. ಆರ್ಡರ್‌ಗಳೆಲ್ಲ ಒಂದು ಆ್ಯಪ್‌ನಲ್ಲಿ ದಾಖಲಾಗುತ್ತವೆ. ಡ್ಯಾಶ್‌ಬೋರ್ಡ್ ಓದುವುದು ಅದನ್ನೇ. ಅಕೌಂಟ್ಸ್ ನಡೆಯುವುದು ಟ್ಯಾಲಿಯಲ್ಲಿ. ಇಂಥ ಎರಡು ಪುಸ್ತಕ ಇರುವ ಕಡೆ ಎಲ್ಲ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆ ಶನಿವಾರ ಏನು ಮಾಡಿದೆ, ಯಾವ ಕ್ರಮದಲ್ಲಿ ಮಾಡಿದೆ, ಕೊನೆಗೆ ಏನು ಬರೆದು ಕಳಿಸಿದೆ ಅನ್ನುವುದನ್ನು ಇಲ್ಲಿ ಹಾಕುತ್ತಿದ್ದೇನೆ.

ಸಂಖ್ಯೆ ಹೋಲಿಸಬೇಡಿ, ಪಟ್ಟಿ ಹೋಲಿಸಿ

2,318ರಲ್ಲಿ 1,874 ಕಳೆದರೆ 444. ಮೊದಲು ಕೈ ಹೋಗುವುದು ಈ 444ರ ಮೇಲೆ. "444 ಜನ ಜಾಸ್ತಿ ಬಂದಿದ್ದಾರೆ, ಯಾರಿವರು?" ಅಂತ ಹುಡುಕಲು ಶುರು ಮಾಡುತ್ತೇವೆ. ಆದರೆ ಹಾಗೆ 444 ಜನರ ಗುಂಪು ಎಲ್ಲೂ ಇರುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಇದ್ದು ಫೈನಾನ್ಸ್‌ನಲ್ಲಿ ಇಲ್ಲದವರು ಒಂದಷ್ಟು ಜನ. ಫೈನಾನ್ಸ್‌ನಲ್ಲಿ ಇದ್ದು ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲದವರು ಇನ್ನಷ್ಟು ಜನ. ಒಬ್ಬರನ್ನೊಬ್ಬರು ಹೊಡೆದುಹಾಕಿ ಉಳಿದದ್ದು ಈ 444.

ಹಾಗಾಗಿ ಅಕೌಂಟ್ಸ್‌ನಿಂದ ಬರೀ ಸಂಖ್ಯೆ ತೆಗೆದುಕೊಳ್ಳಬೇಡಿ. ಆ ಸಂಖ್ಯೆಯ ಹಿಂದಿರುವ ಪಾರ್ಟಿಗಳ ಪಟ್ಟಿಯನ್ನು ಮೊಬೈಲ್ ನಂಬರ್ ಸಮೇತ ಎಕ್ಸೆಲ್‌ಗೆ ತೆಗೆಸಿಕೊಳ್ಳಿ. ಡ್ಯಾಶ್‌ಬೋರ್ಡ್‌ನ ಪಟ್ಟಿಯನ್ನೂ ಇಳಿಸಿಕೊಳ್ಳಿ. ಎರಡನ್ನೂ ಒಂದೇ ಫೈಲಿನ ಎರಡು ಶೀಟ್‌ಗಳಲ್ಲಿ ಹಾಕಿ, ಡ್ಯಾಶ್‌ಬೋರ್ಡ್ ಶೀಟ್‌ನಲ್ಲಿ ಪ್ರತಿ ನಂಬರಿನ ಪಕ್ಕ ಇದನ್ನು ಬರೆಯಿರಿ:

```
=COUNTIF(Finance!A:A, A2)
```

0 ಬಂದರೆ ಆ ಗ್ರಾಹಕ ಫೈನಾನ್ಸ್‌ನಲ್ಲಿ ಇಲ್ಲ ಅಂತ. ಫೈನಾನ್ಸ್ ಶೀಟ್‌ನಲ್ಲಿ ಇದನ್ನೇ ತಿರುಗಿಸಿ ಬರೆಯಿರಿ. ಇಲ್ಲಿ `VLOOKUP` ಬಳಸುವವರು ಒಂದು ವಿಷಯ ಗಮನಿಸಬೇಕು. ಒಂದು ಶೀಟ್‌ನಲ್ಲಿ ಮೊಬೈಲ್ ನಂಬರ್ ಸಂಖ್ಯೆಯಾಗಿ, ಇನ್ನೊಂದರಲ್ಲಿ ಅಕ್ಷರವಾಗಿ ಕೂತಿದ್ದರೆ, ಕಣ್ಣಿಗೆ ಎರಡೂ ಒಂದೇ ಕಂಡರೂ `VLOOKUP` `#N/A` ಅನ್ನುತ್ತದೆ. ಆಗ ಸಾವಿರಾರು ಜನ ಸುಮ್ನೆ "ಇಲ್ಲ" ಅಂತ ಬರುತ್ತಾರೆ. `COUNTIF` ಎರಡನ್ನೂ ಒಂದೇ ಅಂತ ಎಣಿಸುತ್ತದೆ.

ನನಗೆ ಸಿಕ್ಕ ಲೆಕ್ಕ ಇದು. ಎರಡೂ ಕಡೆ ಇರುವವರು 1,702. ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ 616. ಫೈನಾನ್ಸ್‌ನಲ್ಲಿ ಮಾತ್ರ 172. ಈಗ ಬಿಡಿಸಬೇಕಾದ ಗಂಟು ಒಂದಲ್ಲ, ಎರಡು.

ಇನ್ನೊಂದು ಮಾತು. ಹೋಲಿಸುವ ಮೊದಲು ಪಟ್ಟಿಯನ್ನು ಶುಚಿ ಮಾಡಬೇಡಿ. ಡುಪ್ಲಿಕೇಟ್ ತೆಗೆದುಬಿಡೋಣ ಅಂತ ಕೈ ತುರಿಸುತ್ತದೆ, ನಿಜ. ಆದರೆ ಮ್ಯಾನೇಜರ್ ಫೋಟೊದಲ್ಲಿ ಇರುವುದು 2,318. ಮೊದಲೇ ಶುಚಿ ಮಾಡಿದರೆ ನಿಮ್ಮ ಫೈಲಿನಲ್ಲಿ ಆ ಸಂಖ್ಯೆಯೇ ಇರುವುದಿಲ್ಲ. ಅವರು ನೋಡಿದ ಸಂಖ್ಯೆಯಿಂದಲೇ ಹೊರಡಬೇಕು. ಡುಪ್ಲಿಕೇಟ್ ಕೂಡ ಒಂದು ಕಾರಣವಾಗಿ ಲೆಕ್ಕದಲ್ಲಿ ಕಾಣಬೇಕು.

ಸಂಖ್ಯೆ ಹುಟ್ಟುವ ಜಾಗ

ಡ್ಯಾಶ್‌ಬೋರ್ಡ್‌ನ ಆ ಚೌಕದ ಹಿಂದೆ ಇದ್ದದ್ದು ಇಷ್ಟೇ:

```sql
SELECT COUNT(DISTINCT mobile)
FROM orders
WHERE order_date >= '2024-07-01'
  AND order_date <  '2024-08-01';
```

ಬರೆದವನು ನಾನೇ. ಎರಡು ವರ್ಷದ ಮೇಲೆ ತೆರೆದು ಓದಿದಾಗ ಮೂರು ವಿಷಯ ಎದ್ದು ಕಂಡವು. ಇದು ಎಣಿಸುವುದು ಆರ್ಡರ್ ಮಾಡಿದವರನ್ನು, ಬಿಲ್ ಆದವರನ್ನಲ್ಲ. ಆರ್ಡರ್ ರದ್ದಾಯಿತಾ ಅಂತ ಕೇಳುವ ಸಾಲೇ ಇಲ್ಲ. ಇದಕ್ಕೆ ಮೊಬೈಲ್ ನಂಬರ್ ಅಂದರೇನೇ ಗ್ರಾಹಕ.

ಫೈನಾನ್ಸ್ ವರದಿ ಹೇಗೆ ಬರುತ್ತದೆ ಅಂತ ನಮ್ಮ ಅಕೌಂಟೆಂಟ್ ಅಣ್ಣನ ಪಕ್ಕ ಕೂತು ನೋಡಿದೆ. ಜುಲೈ ತಾರೀಕಿನ ಸೇಲ್ಸ್ ವೋಚರ್ ಇರುವ ಪಾರ್ಟಿ ಲೆಜರ್‌ಗಳು ಎಷ್ಟು, ಅಷ್ಟು ಗ್ರಾಹಕರು. ಅಂದರೆ ಅವರಿಗೆ ಗ್ರಾಹಕ ಅಂದರೆ ಲೆಜರ್, ತಾರೀಕು ಅಂದರೆ ಬಿಲ್ ತಾರೀಕು. ಇದನ್ನು ಫೋನಿನಲ್ಲಿ ಕೇಳಿದರೆ "ಜುಲೈ ಗ್ರಾಹಕರ್ರೀ" ಅಂತಷ್ಟೇ ಉತ್ತರ ಬರುತ್ತಿತ್ತು. ಪಕ್ಕ ಕೂತು ನೋಡಲೇಬೇಕು.

ಅದಕ್ಕೂ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದೆ. ಎರಡೂ ಕಡೆ ಇರುವ ಬಿಲ್‌ಗಳನ್ನು ಬಿಲ್ ನಂಬರಿನ ಮೇಲೆ ಜೋಡಿಸಿ ಮೊತ್ತ ಹೋಲಿಸಿದೆ. ಪ್ರತಿಯೊಂದೂ ತಾಳೆಯಾಯಿತು. ಇದು ಮುಖ್ಯ. ಮ್ಯಾನೇಜರ್ ಮನಸ್ಸಿನಲ್ಲಿ ಇರುವ ನಿಜವಾದ ಭಯ ದುಡ್ಡಿನದು, ತಲೆ ಎಣಿಕೆಯದಲ್ಲ. ಬಿಲ್ ಮೊತ್ತವೇ ತಾಳೆಯಾಗದಿದ್ದರೆ ಗ್ರಾಹಕರ ಸಂಖ್ಯೆಯನ್ನು ಪಕ್ಕಕ್ಕಿಟ್ಟು ಮೊದಲು ಅದನ್ನು ಹುಡುಕಬೇಕು.

ಕ್ಯಾಶ್ ಲೆಜರ್‌ನಲ್ಲಿ ಕೂತಿದ್ದ 263 ಜನ

616ರಲ್ಲಿ ದೊಡ್ಡ ಗುಂಪು ಸಿಕ್ಕಿದ್ದು ಬಿಲ್ ನಂಬರಿನಿಂದಲೇ. ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಇದ್ದ ಒಬ್ಬ ರೈತನನ್ನು ತೆಗೆದುಕೊಂಡೆ. ಸಿಂಧನೂರು ಕೌಂಟರ್‌ನಲ್ಲಿ ಒಂದು ಫುಟ್‌ವಾಲ್ವ್, ಎರಡು ಕ್ಲಾಂಪು ಕೊಂಡಿದ್ದ. ಆ್ಯಪ್‌ನಲ್ಲಿ ಅವನ ಹೆಸರು, ಊರು, ಮೊಬೈಲ್ ಎಲ್ಲ ಇದೆ. ಬಿಲ್ ನಂಬರೂ ಇದೆ. ಅದೇ ಬಿಲ್ ನಂಬರನ್ನು ಟ್ಯಾಲಿಯಲ್ಲಿ ತೆರೆದರೆ ಮೊತ್ತ ಸರಿ, ತಾರೀಕು ಸರಿ, ಆದರೆ ಪಾರ್ಟಿಯ ಜಾಗದಲ್ಲಿ "ಕ್ಯಾಶ್ ಸೇಲ್ಸ್ – ಸಿಂಧನೂರು" ಅಂತ ಇತ್ತು.

ಅಣ್ಣನನ್ನು ಕೇಳಿದೆ. "ಕೌಂಟರ್ ಬಿಲ್ಲೆಲ್ಲಾ ಕ್ಯಾಶ್‌ಗೇ ಹಾಕ್ತೀನ್ರೀ. ಒಬ್ಬೊಬ್ಬರಿಗೂ ಲೆಜರ್ ಮಾಡ್ಕೋತ ಕುಂತ್ರ ತಿಂಗಳ ಮುಗಿಯಂಗಿಲ್ಲ" ಅಂದರು. ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಜಿಎಸ್‌ಟಿ ನೋಂದಣಿ ಇಲ್ಲದ ಕೊಳ್ಳುಗನಿಗೆ ಅಂಗಡಿಯಲ್ಲಿ 50,000 ರೂಪಾಯಿಗಿಂತ ಕಡಿಮೆ ಬೆಲೆಯ ಸರಕು ಮಾರಿದಾಗ, ಆತ ಕೇಳದಿದ್ದರೆ ಬಿಲ್ಲಿನಲ್ಲಿ ಹೆಸರು, ವಿಳಾಸ ಹಾಕಲೇಬೇಕು ಅಂತ ಜಿಎಸ್‌ಟಿ ನಿಯಮ ಹೇಳುವುದಿಲ್ಲ. ಉದ್ರಿ ಇಲ್ಲ, ಬಾಕಿ ವಸೂಲಿ ಇಲ್ಲ ಅಂದ ಮೇಲೆ ಲೆಕ್ಕದ ಪುಸ್ತಕಕ್ಕೆ ಆ ಹೆಸರು ಬೇಕಾಗುವುದೂ ಇಲ್ಲ. ಆದರೆ ಹಾಗೆ ಹಾಕಿದಾಗ ಒಂದು ಕೌಂಟರಿನ ಅಷ್ಟೂ ರೈತರು ಸೇರಿ ಒಬ್ಬೇ ಒಬ್ಬ ಗ್ರಾಹಕ ಆಗುತ್ತಾರೆ.

616 ಜನರ ಬಿಲ್ ನಂಬರುಗಳನ್ನೂ ಟ್ಯಾಲಿಯ ಪಟ್ಟಿಯ ಜೊತೆ ಜೋಡಿಸಿದೆ. ಕ್ಯಾಶ್ ಲೆಜರ್‌ಗೆ ಹೋದವರು 263 ಜನ. ಇದರ ಇನ್ನೊಂದು ಮುಖ ಫೈನಾನ್ಸ್‌ನ 172ರಲ್ಲಿ ಸಿಕ್ಕಿತು. ಐದು ಕೌಂಟರಿಗೆ ಐದು ಕ್ಯಾಶ್ ಲೆಜರ್. ಅವು ಐದು "ಗ್ರಾಹಕರು" ಅಂತ ಎಣಿಕೆಯಾಗಿದ್ದವು.

ನಿಮ್ಮಲ್ಲೂ ಹೀಗಿದೆಯಾ ಅಂತ ಬೇಗ ತಿಳಿಯಬೇಕಾ? ಫೈನಾನ್ಸ್ ಪಟ್ಟಿಯನ್ನು ಪಾರ್ಟಿಗೆ ಎಷ್ಟು ಬಿಲ್ ಅನ್ನುವ ಲೆಕ್ಕದಲ್ಲಿ ಇಳಿಕೆ ಕ್ರಮದಲ್ಲಿ ಜೋಡಿಸಿ. ಮೇಲಿನ ನಾಲ್ಕೈದು ಸಾಲು ಮನುಷ್ಯರ ಹೆಸರಲ್ಲದಿದ್ದರೆ ಉತ್ತರ ಅಲ್ಲೇ ಇದೆ. ಡ್ಯಾಶ್‌ಬೋರ್ಡ್ ಪಟ್ಟಿಯಲ್ಲೂ ಇದನ್ನೇ ಮಾಡಿ ನೋಡಿ. ನನ್ನದರಲ್ಲಿ ಒಂದೇ ನಂಬರಿಗೆ 86 ಬಿಲ್ ಇದ್ದವು. ನಂಬರ್ ನೋಡಿದರೆ ಹತ್ತೂ ಅಂಕಿ ಒಂಬತ್ತು! ಮೊಬೈಲ್ ಕೊಡದವರಿಗೆ ಕೌಂಟರ್ ಹುಡುಗರು ಹಾಗೆ ಒತ್ತುತ್ತಿದ್ದರು, ಯಾಕೆಂದರೆ ನಂಬರ್ ಹಾಕದೆ ಆ್ಯಪ್ ಮುಂದೆ ಹೋಗುವುದಿಲ್ಲ. ಅಲ್ಲಿ ಎಷ್ಟು ಜನ ಇದ್ದಾರೋ ಹೇಳಲು ದಾರಿ ಇಲ್ಲ. ಅದನ್ನು ಇಮೇಲ್‌ನಲ್ಲಿ ಹಾಗೆಯೇ ಬರೆದೆ.

ತಿಂಗಳ ತುದಿಯಲ್ಲಿ ದಾಟಿದವರು

ಜುಲೈ ಕೊನೆಯ ವಾರ ಪೈಪಿನ ಲೋಡು ತಡವಾಗಿತ್ತು. ಎಡದಂಡೆ ಕಾಲುವೆ ಕಡೆಯ ರೈತರು ನಾಟಿ ಕೆಲಸದಲ್ಲಿ ಇರುವ ಹೊತ್ತು, ಆರ್ಡರ್ ಮಾತ್ರ ಬರುತ್ತಲೇ ಇದ್ದವು. ನಮ್ಮಲ್ಲಿ ಗೋಡೌನ್‌ನಿಂದ ಸರಕು ಹೊರಟಾಗ ಬಿಲ್ ಆಗುತ್ತದೆ. ಹಾಗಾಗಿ ಜುಲೈನಲ್ಲಿ ಆರ್ಡರ್ ಮಾಡಿ ಜುಲೈ 31ರೊಳಗೆ ಬಿಲ್ ಆಗದವರು 141 ಜನ. ಅವರು ಡ್ಯಾಶ್‌ಬೋರ್ಡ್‌ನಲ್ಲಿ ಜುಲೈನವರು, ಫೈನಾನ್ಸ್‌ನಲ್ಲಿ ಇನ್ನೂ ಯಾರೂ ಅಲ್ಲ. ಜೂನ್‌ನಲ್ಲಿ ಆರ್ಡರ್ ಮಾಡಿ ಜುಲೈನಲ್ಲಿ ಬಿಲ್ ಆದವರು 118 ಜನ. ಇವರು ಫೈನಾನ್ಸ್‌ನಲ್ಲಿ ಮಾತ್ರ.

ನೋಡಿ, 141 ಮತ್ತು 118 ಎರಡೂ ದೊಡ್ಡವು. ಆದರೆ 444ರ ಲೆಕ್ಕಕ್ಕೆ ಇವುಗಳಿಂದ ಬರುವುದು ಬರೀ 23. ಬರೀ ಸಂಖ್ಯೆ ನೋಡಿದ್ದರೆ ತಾರೀಕಿನದು ಚಿಕ್ಕ ಕಾರಣ ಅಂತ ಬಿಟ್ಟುಬಿಡುತ್ತಿದ್ದೆ. ಮುಂದಿನ ತಿಂಗಳು ಒಂದು ಕಡೆ ಜಾಸ್ತಿಯಾದರೆ ಅದೇ ದೊಡ್ಡ ವ್ಯತ್ಯಾಸ ಆಗುತ್ತದೆ.

ನನ್ನ ಮೊದಲ ಅನುಮಾನ ಬೇರೆಯದರ ಮೇಲಿತ್ತು. ಆ್ಯಪ್‌ನ ಸರ್ವರ್ ಯುಟಿಸಿ ಸಮಯದಲ್ಲಿ ಬರೆಯುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಜುಲೈ 1ರ ಬೆಳಗಿನ ಜಾವ 5:30ರೊಳಗೆ ಬಂದ ಆರ್ಡರ್ ಜೂನ್ 30ಕ್ಕೆ ಬೀಳುತ್ತದೆ. ನಮ್ಮ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಬಂದಾಗ ಮೋಟರ್ ಸುಟ್ಟು, ನಡುರಾತ್ರಿಯೇ ಆರ್ಡರ್ ಹಾಕುವವರೂ ಇದ್ದಾರೆ. ತಿಂಗಳ ಎರಡೂ ತುದಿ ನೋಡಿದೆ. ಸಿಕ್ಕಿದ್ದು 3 ಆರ್ಡರ್. ಆ ಮೂವರೂ ಜುಲೈ ನಡುವೆ ಬೇರೆ ಆರ್ಡರ್ ಮಾಡಿದ್ದರಿಂದ ಎಣಿಕೆ ಬದಲಾಗಲಿಲ್ಲ. ಇದನ್ನು ಇಮೇಲ್‌ಗೆ ಹಾಕಲಿಲ್ಲ. ಮ್ಯಾನೇಜರ್‌ಗೆ ಬೇಕಾದದ್ದು ಕಾರಣಗಳು, ನಾನು ಎಲ್ಲೆಲ್ಲಿ ಹುಡುಕಿದೆ ಅನ್ನುವುದಲ್ಲ.

ಒಬ್ಬನೇ ಇಬ್ಬರಾಗಿದ್ದು

ಡ್ಯಾಶ್‌ಬೋರ್ಡ್‌ನ 616ರಲ್ಲಿ 104 ಸಾಲುಗಳು ಆಗಲೇ ಪಟ್ಟಿಯಲ್ಲಿದ್ದವರ ಎರಡನೇ ಪ್ರತಿ. ಕೆಲವಕ್ಕೆ ಮುಂದೆ +91, ಕೆಲವಕ್ಕೆ ನಡುವೆ ಖಾಲಿ ಜಾಗ. ಕೌಂಟರ್‌ನಲ್ಲಿ ಕೈಯಿಂದ ಒತ್ತಿದ್ದು ಒಂದು ತರಹ, ಫೋನಿನ ಕಾಂಟ್ಯಾಕ್ಟ್‌ನಿಂದ ಅಂಟಿಸಿದ್ದು ಇನ್ನೊಂದು ತರಹ. ಕೊನೆಯ ಹತ್ತು ಅಂಕಿ ಮಾತ್ರ ಉಳಿಸಿದರೆ ಒಂದಾಗುತ್ತವೆ:

```
=RIGHT(SUBSTITUTE(A2," ",""),10)
```

ಹೆಸರು ನೋಡಿ ಒಂದು ಮಾಡಲು ಮಾತ್ರ ಹೋಗಬೇಡಿ. ನಮ್ಮ ಪಟ್ಟಿಯಲ್ಲಿ ಒಂದೇ ಊರಿನ ಹನುಮಂತಪ್ಪ ಅನ್ನುವವರು ನಾಲ್ಕು ಜನ ಇದ್ದಾರೆ. ನಾಲ್ವರೂ ಬೇರೆ, ನಾಲ್ವರಿಗೂ ಬೇರೆ ಹೊಲ. ಅದೇ ಹೊತ್ತಿಗೆ ಬಸವರಾಜ ಅನ್ನುವ ಹೆಸರನ್ನು ಇಂಗ್ಲಿಷ್‌ನಲ್ಲಿ ಮೂರು ತರಹ ಬರೆದಿರುತ್ತಾರೆ. ಹೆಸರು ಬೇರೆ ಕಂಡರೂ ಮನುಷ್ಯ ಒಬ್ಬನೇ. ಅಪ್ಪ, ಮಗ ಇಬ್ಬರೂ ಮಗನ ನಂಬರನ್ನೇ ಕೊಟ್ಟ ಮನೆಗಳೂ ಇವೆ. ಅಲ್ಲಿ ಇಬ್ಬರು ಒಬ್ಬರಾಗುತ್ತಾರೆ. ಇದನ್ನು ಫಾರ್ಮುಲಾದಿಂದ ಬಿಡಿಸಲು ಆಗುವುದಿಲ್ಲ. ನಾನು ಮುಟ್ಟಲಿಲ್ಲ.

ಉಳಿದದ್ದು ಬೇಗ ಮುಗಿಯಿತು. ರದ್ದಾದ ಆರ್ಡರ್ ಬಿಟ್ಟರೆ ಬೇರೇನೂ ಇಲ್ಲದವರು 97. ಆ್ಯಪ್ ಪರೀಕ್ಷೆಗೆ ನಮ್ಮವರೇ ಹಾಕಿದ ನಂಬರುಗಳು 11. ಫೈನಾನ್ಸ್ ಕಡೆ, ಫೋನಿನಲ್ಲೇ ಆರ್ಡರ್ ಹೇಳಿ ನೇರ ಟ್ಯಾಲಿಯಲ್ಲಿ ಬಿಲ್ ಆದ ಡೀಲರ್‌ಗಳು 49.

ಎರಡು ದಾರಿಯಿಂದಲೂ ಒಂದೇ ಊರಿಗೆ ಬರಬೇಕು

ಕಾರಣ ಸಿಕ್ಕಿದ ಕೂಡಲೇ ಬರೆಯಲು ಕೂರಬೇಡಿ. ಮೊದಲು "ಗ್ರಾಹಕರು" ಅನ್ನುವುದಕ್ಕೆ ಒಂದು ಅರ್ಥ ಹಿಡಿದುಕೊಳ್ಳಿ. ನಾನು ಹಿಡಿದದ್ದು: ಜುಲೈನಲ್ಲಿ ನಿಜವಾಗಿ ಬಿಲ್ ಆದ ಬೇರೆ ಬೇರೆ ಗ್ರಾಹಕರು. ಡ್ಯಾಶ್‌ಬೋರ್ಡ್‌ನ 2,318ರಿಂದ ಹೊರಟು 97, 141, 104, 11 ಕಳೆದೆ. 1,965 ಬಂತು. ಅದಕ್ಕೆ 118 ಮತ್ತು 49 ಕೂಡಿಸಿದೆ. 2,132. ಆಮೇಲೆ ಫೈನಾನ್ಸ್‌ನ 1,874ರಿಂದ ಹೊರಟೆ. ಐದು ಕ್ಯಾಶ್ ಲೆಜರ್ ಕಳೆದು, ಅದರೊಳಗಿನ 263 ಜನರನ್ನು ಕೂಡಿಸಿದೆ. ಅಲ್ಲೂ 2,132. ಹೀಗೆ ಎರಡೂ ಕಡೆಯಿಂದ ಒಂದೇ ಸಂಖ್ಯೆ ಬಂದರೆ ಮಾತ್ರ ಕಳಿಸಿ. ಒಂದು ಕಡೆ ನಾಲ್ಕು ಜನ ಉಳಿದರೂ ಯಾರೋ ಎರಡು ಕಾರಣಗಳಲ್ಲಿ ಎಣಿಕೆಯಾಗಿದ್ದಾರೆ, ಇಲ್ಲವೇ ಯಾರೋ ಬಿಟ್ಟುಹೋಗಿದ್ದಾರೆ ಅಂತಲೇ ಅರ್ಥ. ರದ್ದಾದ ಆರ್ಡರ್ ಹಾಕಿದವನೇ ಡುಪ್ಲಿಕೇಟ್ ಆಗಿರುವುದು ಸಾಮಾನ್ಯ. ಒಬ್ಬರಿಗೆ ಒಂದೇ ಕಾರಣ ಬರೆಯುವ ಒಂದು ಕಾಲಂ ಇಟ್ಟುಕೊಂಡರೆ ಈ ತೊಂದರೆ ಆಗುವುದಿಲ್ಲ.

ಕಳಿಸಿದ ಇಮೇಲ್

ಮ್ಯಾನೇಜರ್ ಇದನ್ನು ಫೋನಿನಲ್ಲಿ, ಗಂಗಾವತಿಗೆ ಹೋಗುವ ದಾರಿಯಲ್ಲಿ ಓದುತ್ತಾರೆ ಅಂತ ಗೊತ್ತಿತ್ತು. ಹಾಗಾಗಿ ಉತ್ತರ ಮೊದಲ ಸಾಲುಗಳಲ್ಲೇ ಇರಬೇಕಿತ್ತು. ಅಕೌಂಟ್ಸ್‌ನವರ ಕಡೆ ಬೆರಳು ತೋರಿಸುವ ಒಂದು ಪದವೂ ಇರಬಾರದಿತ್ತು. ಕಳಿಸುವ ಮುಂಚೆ ಅಕೌಂಟೆಂಟ್ ಅಣ್ಣನಿಗೆ ಓದಿ ಹೇಳಿದೆ. ಕ್ಯಾಶ್ ಲೆಜರ್ ಸಾಲನ್ನು ಅವರೇ ತಿದ್ದಿಕೊಟ್ಟರು.

> ವಿಷಯ: ಜುಲೈ ಗ್ರಾಹಕರ ಸಂಖ್ಯೆ – ಮೀಟಿಂಗ್‌ಗೆ 2,132 ಬಳಸಬಹುದು
>
> ನಮಸ್ಕಾರ ಸರ್,
>
> ಜುಲೈನಲ್ಲಿ ಬಿಲ್ ಆದ ಗ್ರಾಹಕರು 2,132. ಸೋಮವಾರ ಈ ಸಂಖ್ಯೆ ಹೇಳಬಹುದು. ಮಾರಾಟದ ಮೊತ್ತದಲ್ಲಿ ತೊಂದರೆ ಇಲ್ಲ. ಆ್ಯಪ್ ಮತ್ತು ಟ್ಯಾಲಿ ಎರಡರಲ್ಲೂ ಇರುವ ಪ್ರತಿ ಬಿಲ್ಲಿನ ಮೊತ್ತ ತಾಳೆಯಾಗಿದೆ.
>
> ಡ್ಯಾಶ್‌ಬೋರ್ಡ್‌ನ 2,318 ಅಂದರೆ ಜುಲೈನಲ್ಲಿ ಆರ್ಡರ್ ಹಾಕಿದ ಮೊಬೈಲ್ ನಂಬರುಗಳು. ಫೈನಾನ್ಸ್‌ನ 1,874 ಅಂದರೆ ಜುಲೈನಲ್ಲಿ ಬಿಲ್ ಆದ ಲೆಜರ್‌ಗಳು. ಎರಡೂ ಬೇರೆ ಬೇರೆ ವಿಷಯ ಎಣಿಸುತ್ತಿದ್ದವು.
>
> ಡ್ಯಾಶ್‌ಬೋರ್ಡ್‌ನಲ್ಲಿ ರದ್ದಾದ ಆರ್ಡರ್‌ನವರು 97, ಜುಲೈನಲ್ಲಿ ಬಿಲ್ ಆಗದವರು 141, ಎರಡು ಸಲ ಎಣಿಸಿದವರು 104, ಪರೀಕ್ಷೆಯ ನಂಬರುಗಳು 11 ಸೇರಿದ್ದವು. ಜೂನ್ ಆರ್ಡರಿಗೆ ಜುಲೈನಲ್ಲಿ ಬಿಲ್ ಆದ 118 ಜನ ಮತ್ತು ನೇರ ಬಿಲ್ಲಿನ 49 ಡೀಲರ್‌ಗಳು ಬಿಟ್ಟುಹೋಗಿದ್ದರು. ಇದು ನನ್ನ ಕಡೆಯ ತಪ್ಪು, ಸರಿ ಮಾಡುತ್ತಿದ್ದೇನೆ.
>
> ಫೈನಾನ್ಸ್‌ನಲ್ಲಿ ಕೌಂಟರ್ ನಗದು ಮಾರಾಟ ಕ್ಯಾಶ್ ಲೆಜರ್‌ಗೆ ಹೋಗುತ್ತದೆ. ಲೆಕ್ಕಕ್ಕೆ ಅದು ಸರಿಯಾದ ಕ್ರಮವೇ. ಆದರೆ ಅದರಿಂದ 263 ಗ್ರಾಹಕರು 5 ಲೆಜರ್‌ಗಳಾಗಿ ಕಾಣುತ್ತಾರೆ.
>
> ಒಂದು ಮಿತಿ ಇದೆ ಸರ್. 86 ಬಿಲ್‌ಗಳಲ್ಲಿ ನಿಜವಾದ ಮೊಬೈಲ್ ನಂಬರ್ ಇಲ್ಲ. ಅವೆಲ್ಲ ಒಬ್ಬರೇ ಗ್ರಾಹಕ ಅಂತ ಎಣಿಕೆಯಾಗಿವೆ. ಹಾಗಾಗಿ ನಿಜವಾದ ಸಂಖ್ಯೆ 2,132ಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು.
>
> ನಿಮ್ಮಿಂದ ಒಂದು ತೀರ್ಮಾನ ಬೇಕು. ಇನ್ನು ಮುಂದೆ ಮೀಟಿಂಗ್‌ನಲ್ಲಿ "ಗ್ರಾಹಕರು" ಅಂದರೆ ಬಿಲ್ ಆದವರು ಅಂತ ಇಟ್ಟುಕೊಳ್ಳೋಣವೇ? ನೀವು ಹೂಂ ಅಂದರೆ ಡ್ಯಾಶ್‌ಬೋರ್ಡ್‌ನಲ್ಲಿ "ಆರ್ಡರ್ ಮಾಡಿದವರು", "ಬಿಲ್ ಆದವರು" ಅಂತ ಎರಡು ಚೌಕ ಮಾಡುತ್ತೇನೆ. ಹೆಸರುಗಳ ಪಟ್ಟಿ ಕಾರಣ ಸಮೇತ ಈ ಮೇಲ್ ಜೊತೆಗಿದೆ.

ಭಾನುವಾರ ಬೆಳಿಗ್ಗೆ ಉತ್ತರ ಬಂತು: "ಬಿಲ್ ಆದವರೇ ಇರಲಿ. ಆ 141 ಜನ ಏನಾಗ್ತಾರೆ ನೋಡಿ ಹೇಳು." ಕೇಳಬೇಕಾದ ಪ್ರಶ್ನೆಯೇ. ಜುಲೈನಲ್ಲಿ ಬಿಲ್ ಆಗಲಿಲ್ಲ ಅಂತ ನಾನು ಬರೆದಿದ್ದೇನೆ, ಆಗಸ್ಟ್‌ನಲ್ಲಿ ಅವರು ಎಲ್ಲಾದರೂ ಕಾಣಬೇಕು ಅಲ್ವಾ?

ಅಕೌಂಟ್ಸ್‌ಗೆ ಏನೂ ಬದಲಾಯಿಸಲು ಹೇಳಲಿಲ್ಲ. ಬಿಲ್ ಆದವರ ಚೌಕ ಈಗ ಟ್ಯಾಲಿಯ ಬಿಲ್ ತಾರೀಕನ್ನು ತೆಗೆದುಕೊಳ್ಳುತ್ತದೆ. ಬಿಲ್ ಕ್ಯಾಶ್ ಲೆಜರ್‌ನಲ್ಲಿದ್ದರೆ ಬಿಲ್ ನಂಬರ್ ಹಿಡಿದು ಆ್ಯಪ್‌ನಿಂದ ಗ್ರಾಹಕನನ್ನು ತರುತ್ತದೆ. ಆ್ಯಪ್‌ನಲ್ಲಿ ಹತ್ತು ಅಂಕಿಗಿಂತ ಹೆಚ್ಚು ಕಡಿಮೆ ಒತ್ತಲು ಬರುವುದಿಲ್ಲ. ಜೊತೆಗೆ "ನಂಬರ್ ಕೊಟ್ಟಿಲ್ಲ" ಅನ್ನುವ ಗುಂಡಿ ಸೇರಿಸಿದ್ದೇವೆ, ಕೌಂಟರ್ ಹುಡುಗರು ಒಂಬತ್ತು ಒತ್ತುವ ಹಾಗಿಲ್ಲ.

ಸೆಪ್ಟೆಂಬರ್ ಮೊದಲ ವಾರ ಆ 141 ನಂಬರುಗಳನ್ನು ಆಗಸ್ಟ್‌ನ ಬಿಲ್‌ಗಳ ಜೊತೆ ಜೋಡಿಸಿದೆ. 134 ಜನರಿಗೆ ಬಿಲ್ ಆಗಿತ್ತು. 7 ಜನ ಪೈಪಿಗೆ ಕಾದು ಬೇಸತ್ತು ಆರ್ಡರ್ ರದ್ದು ಮಾಡಿದ್ದರು. ಆ ಏಳು ಹೆಸರು, ಊರು, ಆರ್ಡರ್ ಮಾಡಿದ ತಾರೀಕು ಬರೆದು ಸಾಹೇಬರಿಗೆ ಕಳಿಸಿದೆ. ಅವತ್ತೇ ಅವರು ಗೋಡೌನ್‌ಗೆ ಫೋನ್ ಹಚ್ಚಿದರು.